ನೀರು ಬಿಡೂ ಮೊದಲು

ನಮ್ಮ ಜತ್ತ ತಾಲೂಕಿನ ಮೂಡಣ ಹಳ್ಳಿಗಳಲ್ಲಿ ಈಗ ಎಲ್ಲಿ ನೋಡಿದರೂ ದಾಳಿಂಬ್ರಿ ತೋಟ. ನಾವು ಸಣ್ಣವರಿದ್ದಾಗ ಬಿಳಿಜೋಳ, ಸಜ್ಜಿ, ತೊಗರಿ ಬಿಟ್ಟರೆ ಹೊಲದಾಗ ಬೇರೆ ಹಸಿರು ಕಾಣುತ್ತಿರಲಿಲ್ಲ. ಜಿಲ್ಲಾ ಸಾಂಗಲಿ, ಕಚೇರಿ ಕಾಗದ ಮರಾಠಿ, ಮನಿ ಮಾತು ಕನ್ನಡ, ಮಳಿ ಮಾತ್ರ ಯಾರ ಮಾತೂ ಕೇಳೂದಿಲ್ಲ. ಇಂಥಾ ಸೀಮ್ಯಾಗ ಹಣ್ಣಿನ ತೋಟ ನಿಂತದ ಅಂದರೆ ಅದು ಡ್ರಿಪ್ಪಿನ ಕರಿ ನಳಿಯ ಮೇಲೆ ನಿಂತದ. ಆ ನಳಿ ಹಾಸೂದು ಹೆಂಗ ಅಂತ ಎಲ್ಲರೂ ನೋಡ್ಯಾರ. ಹಾಸಿದ ಮ್ಯಾಲೆ ಅದನ್ನು ಬದುಕಿಸಿ ಇಡೂದು ಹೆಂಗ ಅನ್ನೂದನ್ನು ಬಹಳ ಮಂದಿ ನೋಡಿಲ್ಲ. ನಾನು ಏಳನೇ ಇಯತ್ತೆ ಕಲಿತವ, ಹೊಲ ಮತ್ತು ಭಜನಿ ಪದ ಇವೆರಡೇ ನನಗೆ ಗೊತ್ತು. ಆದರೆ ನಮ್ಮ ಅಕ್ಕನ ಮಗ ಡ್ರಿಪ್ ಫಿಟ್ಟರ್ ಇದ್ದಾನ. ಅವನ ಬೆನ್ನ ಹಿಂದೆ ಚೀಲ ಹಿಡಕೊಂಡು ನಾನೂ ತೋಟ ತೋಟ ತಿರುಗಿದ್ದೇನೆ. ಹಿಂಗ ಕಂಡದ್ದರೊಳಗಿನ ಒಂದು ತೋಟದ ಕತಿಯನ್ನು ಬರೆಯುತ್ತೇನೆ.

ಅದಕ್ಕಿಂತ ಮೊದಲು ದಾಳಿಂಬ್ರಿಯ ಒಂದು ಗುಟ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯೂದಿಲ್ಲ. ದಾಳಿಂಬ್ರಿ ಗಿಡ ತನ್ನಷ್ಟಕ್ಕೆ ಬಿಟ್ಟರೆ ವರ್ಷವೆಲ್ಲಾ ಅಲ್ಲೊಂದು ಇಲ್ಲೊಂದು ಹೂ ಬಿಡತದ. ಅದರಿಂದ ಮಾರಾಟ ಆಗೂದಿಲ್ಲ. ಅದಕ್ಕೆ ರೈತ ಒಂದು ತಿಂಗಳು, ಒಂದೂವರೆ ತಿಂಗಳು ನೀರು ನಿಲ್ಲಿಸಿ ಗಿಡಕ್ಕೆ ತಾಣ ಕೊಡತಾನ. ಎಲಿ ಉದುರತಾವ, ಛಾಟಣಿ ಮಾಡತಾನ, ಗೊಬ್ಬರ ಹಾಕತಾನ, ಆಮೇಲೆ ಒಂದು ದಿನ ನೀರು ಬಿಡತಾನ. ಆ ಮೊದಲ ನೀರಿಗೆ ಗಿಡ ಎಚ್ಚರಾಗಿ ತೋಟಕ್ಕೆ ತೋಟವೇ ಒಮ್ಮೆಲೇ ಚಿಗಿತು ಹೂವಿಗೆ ಬರಬೇಕು. ಇದಕ್ಕೆ ಬಹಾರ ಹಿಡಿಯೂದು ಅಂತಾರ. ಮಿರಗದ ಮಳಿ ಹೊತ್ತಿಗೆ ಹಿಡಿದರೆ ಮೃಗ ಬಹಾರ.

ಮೊದಲ ನೀರು ಎಲ್ಲಾ ಗಿಡಕ್ಕೂ ಒಂದೇ ಸಮ ಮುಟ್ಟಿದರೆ ಮಾತ್ರ ಈ ಆಟ ನಡೀತದ. ಇಲ್ಲಿನ ತೊಡಕು ನೋಡ್ರಿ. ಗಿಡಕ್ಕೆ ತಾಣ ಕೊಟ್ಟಾಗ ನಳಿಗೂ ತಾಣ ಸಿಗತದ. ನಮ್ಮ ಬೋರಿನ ನೀರು ಸವಳು, ಸುಣ್ಣದ ನೀರು. ನೀರು ಹರಿಯುವಾಗ ಸುಣ್ಣ ಅದರ ಜೋಡಿ ಹೋಗತದ. ಏಪ್ರಿಲ್, ಮೇ ಬಿಸಿಲಿಗೆ ನಳಿಯಲ್ಲಿ ಉಳಿದ ನೀರು ಒಣಗಿತು ಅಂದರೆ ಸುಣ್ಣ ಡ್ರಿಪ್ಪರಿನ ಒಳಗೆ ಕಲ್ಲಾಗಿ ಕೂಡತದ. ಚಹಾ ಕಾಸೂ ಪಾತ್ರೆಯ ತಳದಾಗ ಬಿಳಿ ಪದರು ಕೂಡೂದಿಲ್ಲೇನು, ಹಂಗ. ಅಂದರೆ ನೀರು ಸಮ ಬೇಕಾದ ದಿನವೇ ನಳಿ ಎಲ್ಲಕ್ಕಿಂತ ಹೆಚ್ಚು ಕಟ್ಟಿರತದ.

ನಮ್ಮ ಓಣಿಯ ಒಬ್ಬ ತಂಗಿಯ ತೋಟದಾಗ ಹಿಂಗೇ ಆಯಿತು. ಗಂಡ ತೀರಿ ಮೂರು ವರ್ಷ. ಒಂದೂಕಾಲು ಎಕರೆ ಮೇಲೆ ಚೂರು ಜಾಗ, 400 ಗಿಡ. 20 ಸಾಲು, ಸಾಲಿಗೆ 20 ಗಿಡ. ಹಿಂದಿನ ವರ್ಷ ಮೋಟರಿನ ಹತ್ತಿರದ ಗಿಡಗಳು ಭರಪೂರ ಹೂ ಬಿಟ್ಟರೆ ದೂರದ ಗಿಡಗಳು ತಿಂಗಳ ತಡವಾಗಿ ಬಿಟ್ಟವು. ಕಾಯಿ ದೊಡ್ಡದಾದ ಮೇಲೆ ಏರುಪೇರು ನೀರಿಗೆ ಎಷ್ಟೋ ಸೀಳಿದವು. ವ್ಯಾಪಾರಿ ಬಂದು ತೋಟ ಒಂದು ಸುತ್ತು ಹಾಕಿದ, ಒಮ್ಮೆಲೇ ಕಡಿಯೂ ಮಾಲು ಇಲ್ಲ ಅಂತ ಹೇಳಿ ಗಾಡಿ ಹತ್ತಿ ಹೋದ. ಈ ವರ್ಷ ಮೇ ತಿಂಗಳದಾಗ ಆಕಿ ನನ್ನ ಹತ್ತಿರ ಬಂದಳು. “ಅಣ್ಣಾ, ಅಂಗಡಿಯವ ಎಲ್ಲಾ ನಳಿ ತೆಗೆದು ಹೊಸಾದು ಹಾಕಬೇಕು ಅಂತಾನ, 35 ಸಾವಿರ ಹೇಳ್ಯಾನ. ನನ್ನ ಕಡೆ ಇಲ್ಲ. ಗಿಡ ಕಿತ್ತು ಜೋಳ ಬಿತ್ತಲೇನು?” ಅಂತ ಕೇಳಿದಳು. ನಾನು ಅಳಿಯನಿಗೆ ಫೋನ್ ಮಾಡಿದೆ.

ಅವನು ಬಂದವನೇ ನಳಿ ಮುಟ್ಟಲಿಲ್ಲ. ಚೀಲದಿಂದ ಒಂದು ಅಳತಿ ಗ್ಲಾಸು ತೆಗೆದ, ದವಾಖಾನ್ಯಾಗ ಔಷಧ ಅಳೀತಾರಲ್ಲ, ಅಂಥಾದು. ಮೋಟರ್ ಚಾಲೂ ಮಾಡಿಸಿ, ನೀರು ನೆಲಿಗೆ ನಿಲ್ಲಲಿ ಅಂತ ಸ್ವಲ್ಪ ಹೊತ್ತು ಕಾಯ್ದ. ಮೊದಲ ಸಾಲು, ನಡುವಿನ ಸಾಲು, ಕಡೀ ಸಾಲು. ಒಂದೊಂದು ಸಾಲಿನಾಗ ಮೊದಲ ಗಿಡ, ನಡುವಿನ ಗಿಡ, ಕಡೀ ಗಿಡ. ಹಿಂಗ ಒಂಬತ್ತು ಕಡೆ ಡ್ರಿಪ್ಪರಿನ ಕೆಳಗೆ ಸಣ್ಣ ಕುಣಿ ತೆಗೆದು ಗ್ಲಾಸು ಇಟ್ಟು ಮೂರು ಮೂರು ನಿಮಿಷ ಹಿಡಿದ. ಆ ಡ್ರಿಪ್ಪರ್ ತಾಸಿಗೆ 4 ಲೀಟರ್ ಕೊಡೂವು. ತಾಸಿಗೆ 4 ಲೀಟರ್ ಅಂದರೆ ಮೂರು ನಿಮಿಷಕ್ಕೆ 200 ಮಿಲಿ. ಲೆಕ್ಕ ಇಷ್ಟೇ. (ಅವನು ಮೊಬೈಲ್ ಗಡಿಯಾರ ನೋಡತಿದ್ದ. ನಾನು ಮನಸ್ಸಿನಾಗ ಒಂದು ಪದ ಹಿಡಿದು ನೋಡಿದೆ, ಪಲ್ಲವಿ ಮತ್ತು ಎರಡು ನುಡಿ ಮುಗಿಯೂದಕ್ಕೆ ಬರೋಬ್ಬರಿ ಮೂರು ನಿಮಿಷ ಆಗತಿತ್ತು. ಗಡಿಯಾರ ಇಲ್ಲದವರು ಹಾಡಬಹುದು.)

ಮೊದಲ ಸಾಲಿನ ಮೊದಲ ಗಿಡದಾಗ 170 ಬಂತು. ನಡುವಿನ ಸಾಲಿನಾಗ 130ರ ಆಸುಪಾಸು. ಕಡೀ ಸಾಲಿನ ಕಡೀ ಗಿಡಕ್ಕೆ 20. ಅಂದರೆ ಒಂದು ಗಿಡ ಎಂಟು ಗುಟುಕು ಕುಡಿಯೂ ಹೊತ್ತಿಗೆ ಇನ್ನೊಂದು ಒಂದು ಗುಟುಕು ಕುಡೀತದ. ಒಂಬತ್ತೂ ಅಂಕಿಗಳನ್ನು ಅವನು ಮೋಟರ್ ಮನಿಯ ಗ್ವಾಡಿ ಮೇಲೆ ಇದ್ದಲಿಯಿಂದ ಬರೆದಿಟ್ಟ.

“ಮಾಮಾ, ಇದರಾಗ ಎರಡು ಬ್ಯಾನಿ ಅದಾವ” ಅಂದ. “ದೂರ ಹೋದಂಗ ಎಲ್ಲಾ ಒಟ್ಟಿಗೆ ಕಡಿಮಿ ಆಗಾಕತ್ತಾವ ಅಂದರೆ ನೀರಿಗೆ ಜೋರು ಇಲ್ಲ. ಒಂದೇ ಗಿಡದ ಮಗ್ಗಲು ಮಗ್ಗಲಿನ ಎರಡು ಡ್ರಿಪ್ಪರ್ ಬ್ಯಾರೆ ಬ್ಯಾರೆ ಕೊಡಾಕತ್ತಾವ ಅಂದರೆ ಡ್ರಿಪ್ಪರ್ ಕಟ್ಯಾವ. ಮೊದಲು ಜೋರಿನ ಬ್ಯಾನಿ ತೆಗೀಬೇಕು. ಅದು ಇರೂತನಕ ಎರಡನೇದು ಸರಿಯಾಗಿ ಕಾಣೂದಿಲ್ಲ.”

ಈ ಮಾತು ನನಗೆ ಹಿಡಿಸಿತು. ತಾಳ ತಪ್ಪಿದಾಗ ಸ್ವರ ತಿದ್ದಲು ಹೋಗಬಾರದು, ಮೊದಲು ತಾಳ.

ಫಿಲ್ಟರಿನ ಹಿಂದೆ ಒಂದು, ಮುಂದೆ ಒಂದು ಗೇಜು ಇರಬೇಕು. ಆಕಿಯ ತೋಟದಾಗ ಒಂದು ಒಡೆದಿತ್ತು, ಇನ್ನೊಂದರ ಮುಳ್ಳು ಹಿಡಿದಿತ್ತು. ನಮ್ಮ ಅಳಿಯ ತನ್ನ ಗೇಜನ್ನೇ ಎರಡೂ ಕಡೆ ಹಚ್ಚಿ ನೋಡಿದ. ಫಿಲ್ಟರಿಗೆ ಹೋಗೂವಾಗ 2.2 ಕಿಲೋ, ಹೊರಗೆ ಬರೂವಾಗ 1. ನಡುವೆ 1.2 ಕಿಲೋ ಜೋರನ್ನು ಫಿಲ್ಟರ್ ಒಂದೇ ನುಂಗಿತ್ತು. ಎರಡರ ನಡುವಿನ ಅಂತರ ಅರ್ಧ ಕಿಲೋ ದಾಟಿದರೆ ಫಿಲ್ಟರ್ ಬಿಚ್ಚಬೇಕು ಅನ್ನೂದು ಲೆಕ್ಕ. ಬಿಚ್ಚಿದಾಗ ಜಾಳಿಗಿಯ ಮೇಲೆ ಬೆಲ್ಲದ ಪಾಕದಂಗ ಕೆಸರು. ಅದನ್ನು ಮೆತ್ತನ್ನ ಬ್ರಶ್ಶಿನಿಂದ ತೊಳೆದ. ತಂತಿ ಬ್ರಶ್ ಹಾಕಿದರೆ ಜಾಳಿಗಿ ಹರೀತದ. ಆಮೇಲೆ ಮಣ್ಣು ಫಿಲ್ಟರಿನಿಂದ ತಪ್ಪಿಸಿಕೊಂಡು ನೇರ ಡ್ರಿಪ್ಪರಿಗೇ ಹೋಗತದ.

ಆಮೇಲೆ ನೆಲದಾಗ ಹುಗಿದ ಸಬ್‌ಮೇನ್ ಪೈಪಿನ ಕಡಿಗೆ ಇರೂ ವಾಲ್ವ್ ತೆಗೆದ. ಆ ವಾಲ್ವ್ ಹುಡುಕಾಕ ಅರ್ಧ ತಾಸು ಬೇಕಾಯಿತು, ಮಣ್ಣಿನಾಗ ಮುಚ್ಚಿ ಹೋಗಿತ್ತು. ಹಾಕಿದಂದಿನಿಂದ ಯಾರೂ ತೆಗೆದಿಲ್ಲ ಅಂತ ಆಗಲೇ ತಿಳಿಯಿತು. ಐದು ನಿಮಿಷ ಕೆಂಪು ರಾಡಿ ಹರಿಯಿತು. ನೀರು ತಿಳಿಯಾದ ಮೇಲೆ ವಾಲ್ವ್ ಬಂದ್ ಮಾಡಿ, ನಳಿಗಳ ಕಡಿಯ ಬುಚ್ಚು ಬಿಚ್ಚಾಕ ಹತ್ತಿದ. ಆಕಿಯ ಮಗ ಹುರುಪಿನಿಂದ ಎಲ್ಲಾ 40 ನಳಿ ಬಿಚ್ಚಾಕ ಓಡಿದ. ಅಳಿಯ ತಡೆದ. “ತಮ್ಮಾ, ಎಲ್ಲಾ ಬಿಚ್ಚಿದರೆ ನೀರು ಹಂಚಿ ಹೋಗಿ ಯಾವ ನಳ್ಯಾಗೂ ಜೋರು ಇರೂದಿಲ್ಲ, ಹೊಲಸು ಅಲ್ಲೇ ಕೂತಿರತದ. ಐದೈದೇ ಬಿಚ್ಚು” ಅಂದ. ಐದೈದೇ ಬಿಚ್ಚಿ ತೊಳೆದು ಮುಗಿಸೂದರಾಗ ಮಧ್ಯಾಹ್ನ ಆಯಿತು.

ಊಟ ಆದ ಮೇಲೆ ಮತ್ತ ಅಳತಿ. ಈಗ ಫಿಲ್ಟರಿನ ಹೊರಗಿನ ಜೋರು 1.8 ಕಿಲೋಕ್ಕೆ ಏರಿತ್ತು, ದೂರದ ಸಾಲಿಗೂ ಜೋರು ಮುಟ್ಟಿತ್ತು. ಆದರೆ ಕಡೀ ಗಿಡದ ಒಂದು ಡ್ರಿಪ್ಪರ್ 120 ಕೊಟ್ಟರೆ ಮಗ್ಗಲಿನದು 30 ಕೊಟ್ಟಿತು. ಎರಡನೇ ಬ್ಯಾನಿ ಈಗ ಹೊರಗೆ ಬಂತು.

ಒಂದು ಡ್ರಿಪ್ಪರ್ ಕಿತ್ತು ಅದರ ಟೊಪಗಿ ಬಿಚ್ಚಿ ತೋರಿಸಿದ. ಒಳಗೆ ಹಾವಿನಂಗ ತಿರುವು ತಿರುವು ದಾರಿ ಇರತದ. ಜೋರಿನ ನೀರನ್ನು ಆ ತಿರುವುಗಳೇ ಕುಗ್ಗಿಸಿ ಹನಿ ಮಾಡತಾವ. ಅದಕ್ಕೇ ಡ್ರಿಪ್ಪರಿಗೆ ಸೂಜಿ ಹಾಕಬಾರದು. ಸೂಜಿ ಹಾಕಿದರೆ ದಾರಿ ಹರಿದು ಹನಿ ಹೋಗಿ ಕಾರಂಜಿ ಆಗತದ, ಆ ಗಿಡ ತುಂಬಿ ತುಳುಕಿ ಮುಂದಿನ ಗಿಡ ಒಣಗತದ. ಆ ತಿರುವಿನಾಗ ಬಿಳಿ ಹಕ್ಕಳಿ ಕೂತಿತ್ತು. ಅದರ ಮೇಲೆ ನಿಂಬಿಹಣ್ಣು ಹಿಂಡಿದ. ಬುಸು ಬುಸು ನೊರಿ ಬಂತು. ನೊರಿ ಬಂದರೆ ಸುಣ್ಣ, ಆ್ಯಸಿಡ್ಡಿಗೆ ಕರಗತದ. ನೊರಿ ಬರದೆ ಬೆರಳಿಗೆ ಲೋಳಿ ಹತ್ತಿದರೆ ಅದು ಪಾಚಿ, ಅದಕ್ಕೆ ಬ್ಲೀಚಿಂಗ್ ಔಷಧ, ಆ್ಯಸಿಡ್ ನಡಿಯೂದಿಲ್ಲ. ಇವೆರಡನ್ನೂ ಎಂದೂ ಕೂಡಿಸಬಾರದು. ಕೂಡಿದರೆ ವಿಷದ ಗಾಳಿ ಏಳತದ, ಮನುಷ್ಯ ಉಳಿಯೂದು ಕಷ್ಟ. ಒಂದರ ಡಬ್ಬಿಯಾಗ ಇನ್ನೊಂದನ್ನು ಇಡಬಾರದು.

ಆ್ಯಸಿಡ್ ಎಷ್ಟು ಹಾಕಬೇಕು? ಇಲ್ಲೇ ಫಿಟ್ಟರಿಗೂ ಅಡ್ನಾಡಿಗೂ ಫರಕು. ಅಡ್ನಾಡಿ ಎಕರೆಗೆ ಇಷ್ಟು ಬಾಟಲಿ ಅಂತಾನ. ಆದರೆ ಒಂದು ಬೋರಿನ ನೀರಿನಂಗ ಇನ್ನೊಂದರ ನೀರು ಇರೂದಿಲ್ಲ, ಒಂದು ಬಾಟಲಿಯ ಆ್ಯಸಿಡ್ಡಿನ ಖಾರ ಇನ್ನೊಂದಕ್ಕೆ ಇರೂದಿಲ್ಲ. ನಮ್ಮವ ಪ್ಲಾಸ್ಟಿಕ್ ಬಕೆಟ್ಟಿನಾಗ ಅದೇ ಬೋರಿನ ನೀರು 10 ಲೀಟರ್ ಹಿಡಿದ. ರಬ್ಬರ್ ಕೈಚೀಲ, ಕನ್ನಡಕ ಹಾಕಿಕೊಂಡ. ಸೂಜಿ ಇಲ್ಲದ ಪ್ಲಾಸ್ಟಿಕ್ ಸಿರಿಂಜಿನಿಂದ ಹೈಡ್ರೋಕ್ಲೋರಿಕ್ ಆ್ಯಸಿಡ್ಡನ್ನು ಒಂದೊಂದೇ ಮಿಲಿ ಹಾಕಿ, ಕಟ್ಟಿಗಿಯಿಂದ ಕಲಸಿ, ಪಿಎಚ್ ಕಾಗದ ಅದ್ದಿ ಬಣ್ಣ ನೋಡಿದ. ಸಾದಾ ನೀರಿಗೆ ಕಾಗದ ಹಸಿರಾಗತದ. ಹುಳಿ ಏರಿದಂಗ ಹಳದಿ, ಆಮೇಲೆ ಕೇಸರಿ. ಪಿಎಚ್ 4 ಅನ್ನೂ ಬಣ್ಣಕ್ಕೆ ಬರಬೇಕು. ಆಕಿಯ ನೀರು 7 ಮಿಲಿಗೆ ಅಲ್ಲಿಗೆ ಬಂತು.

ಮುಂದಿನದು ನಾಲ್ಕನೇ ಇಯತ್ತೆಯ ಗಣಿತ. 400 ಗಿಡ, ಗಿಡಕ್ಕೆ ನಾಲ್ಕು ಡ್ರಿಪ್ಪರ್, ತಾಸಿಗೆ 4 ಲೀಟರ್. ಒಟ್ಟು ತಾಸಿಗೆ 6,400 ಲೀಟರ್. ಕಾಲು ತಾಸಿಗೆ 1,600 ಲೀಟರ್, ಅಂದರೆ 160 ಬಕೆಟ್. ಬಕೆಟ್ಟಿಗೆ 7 ಮಿಲಿಯಂತೆ 1,120 ಮಿಲಿ. ಡ್ರಿಪ್ಪರ್ ಕಟ್ಟಿದ್ದರಿಂದ ನಿಜವಾಗಿ ಹರಿಯೂ ನೀರು ಕಡಿಮಿ ಇರತದ ಅಂತ ಅವನು ಒಂದೇ ಲೀಟರ್ ತಗೊಂಡ. ಡ್ರಮ್ಮಿನಾಗ ಮೊದಲು ನೀರು, ಅದರ ಮೇಲೆ ಆ್ಯಸಿಡ್ ನಿಧಾನಕ್ಕೆ. ಆ್ಯಸಿಡ್ಡಿನ ಮೇಲೆ ನೀರು ಸುರಿದರೆ ಕುದ್ದು ಮುಖಕ್ಕೆ ಸಿಡೀತದ. ಗೊಬ್ಬರ ಎಳೆಯೂ ವೆಂಚುರಿ ಫಿಲ್ಟರಿನ ಹಿಂದೆ ಇತ್ತು. ಅದನ್ನು ಬಿಚ್ಚಿ ಫಿಲ್ಟರಿನ ಮುಂದೆ ಕೂಡಿಸಿದ, ಕಬ್ಬಿಣದ ಫಿಲ್ಟರ್ ಆ್ಯಸಿಡ್ಡಿಗೆ ತಿಂದು ಹೋಗಬಾರದು ಅಂತ.

ನನ್ನನ್ನು ಕಡೀ ಸಾಲಿನ ಕಡೀ ಗಿಡದ ಹತ್ತಿರ ಕಾಗದ ಕೊಟ್ಟು ಕೂಡಿಸಿದ. ಹತ್ತು ನಿಮಿಷ ಹಸಿರೇ ಇತ್ತು. ಹದಿನಾಲ್ಕನೇ ನಿಮಿಷಕ್ಕೆ ಕೇಸರಿ ಆಯಿತು. “ಬಂತೋ!” ಅಂತ ಭಜನಿ ದನಿ ತೆಗೆದು ಕೂಗಿದೆ. ಮೋಟರ್ ಬಂದ್. ಆ ಹುಳಿ ನೀರು ರಾತ್ರಿಯೆಲ್ಲಾ ನಳಿಯಲ್ಲೇ ನಿಲ್ಲಬೇಕು. ಗಿಡದ ಬೇರಿಗೆ ಏನಾಗತದೋ ಅಂತ ತಂಗಿಗೆ ಅಂಜಿಕಿ. ಹನಿ ಬಿದ್ದದ್ದು ಅಷ್ಟೇ, ಅದೂ ನಮ್ಮ ಸುಣ್ಣದ ಮಣ್ಣು, ಬಿದ್ದ ಹುಳಿಯನ್ನು ಮಣ್ಣೇ ನುಂಗತದ ಅಂತ ಅಳಿಯ ತಿಳಿಸಿ ಹೇಳಿದ.

ಮುಂಜಾನೆ ಮತ್ತ ಐದೈದು ಬುಚ್ಚು ಬಿಚ್ಚಿದಾಗ ನೀರು ತೆಳು ಮಜ್ಜಿಗಿಯಂಗ ಬಂತು, ಬಿಳಿ ಚೂರು ಚೂರು. ಅಳತಿಯಲ್ಲಿ 150ರ ಮೇಲೆ ಏರಿತ್ತು. ನನಗೆ ಸಾಕು ಅನ್ನಿಸಿತು, ಅವನಿಗೆ ಸಾಕಾಗಲಿಲ್ಲ. ಎರಡು ದಿನ ಬಿಟ್ಟು ಇನ್ನೊಮ್ಮೆ ಅದೇ ಕೆಲಸ ಮಾಡಿದ. ಆಗ ಒಂಬತ್ತೂ ಕಡೆ 180ರಿಂದ 195ರ ನಡುವೆ ನಿಂತಿತು.

ಆದರೂ 1,600ರಲ್ಲಿ 60–70 ಡ್ರಿಪ್ಪರ್ ಹನಿಯಲೇ ಇಲ್ಲ. ಅದಕ್ಕೆ ಕಾರಣ ಕೇಳಿದರೆ ನನಗೆ ಈ ಕೆಲಸದ ತಿರುಳೇ ಸಿಕ್ಕಿತು. ಆ್ಯಸಿಡ್ ಡ್ರಿಪ್ಪರಿನ ಒಳಗೆ ಹೋಗೂದು ನೀರಿನ ಜೋಡಿ. ಒಂಚೂರಾದರೂ ಹನಿಯೂ ಡ್ರಿಪ್ಪರಿನಾಗ ಅದು ಹೊಕ್ಕು ಸುಣ್ಣ ತಿಂತದ. ಪೂರಾ ಮುಚ್ಚಿದ ಡ್ರಿಪ್ಪರಿನಾಗ ನೀರೇ ಹೋಗೂದಿಲ್ಲ, ಇನ್ನು ಆ್ಯಸಿಡ್ ಎಲ್ಲಿಂದ ಹೋಗಬೇಕು? ಅಂಥಾವನ್ನು ಕಿತ್ತು ಹೊಸಾವು ಹಾಕಬೇಕಾಯಿತು. ಅಂದರೆ ಹನಿ ಇನ್ನೂ ಬೀಳುತ್ತಿರುವಾಗಲೇ ಫಿಟ್ಟರನ್ನು ಕರೆಯಬೇಕು. ನಮ್ಮವರು ಕರೆಯೂದು ನಿಂತ ಮೇಲೆ. ಆಗ ಅಂಗಡಿಯವ ಎಲ್ಲಾ ಹೊಸಾದು ಹಾಕ್ರಿ ಅಂದರೆ ಅವನ ಮಾತೂ ಖರೇ ಆಗಿಬಿಡತದ.

ಖರ್ಚು ಕೇಳ್ರಿ. ಆ್ಯಸಿಡ್, ಕಾಗದ, ಹೊಸ ಡ್ರಿಪ್ಪರ್, ಎರಡು ಗೇಜು, ಅಳಿಯನ ಮೂರು ದಿನದ ಪಗಾರ ಎಲ್ಲಾ ಕೂಡಿ 35 ಸಾವಿರದ ಆರನೇ ಒಂದು ಪಾಲೂ ಆಗಲಿಲ್ಲ. ಹಂಗಿದ್ದರೂ ಪಗಾರ ಕೊಡೂವಾಗ ಆಕಿಯ ಮೈದುನ ಬಂದು, “ತೊಳೆದದ್ದಕ್ಕೆ ಏನು ರೊಕ್ಕ? ಹಾಕಿದರೆ ಕೊಡಬೇಕು” ಅಂತ ತಕರಾರು ತೆಗೆದ. ಇದು ಅವನೊಬ್ಬನ ಮಾತಲ್ಲ. ಹೊಸ ಡ್ರಿಪ್ಪಿಗೆ ಸರಕಾರದ ಅನುದಾನ ಅದ, ಕೇಂದ್ರದ ಯೋಜನೆಯಲ್ಲಿ ಸಣ್ಣ ರೈತನಿಗೆ ವೆಚ್ಚದ 55 ಪಾಲು. ಹಾಕೂದಕ್ಕೆ ಎಲ್ಲರ ಕಣ್ಣೂ ಅದ. ತೊಳೆಯೂದಕ್ಕೆ ಯಾರ ಕೈಯೂ ಇಲ್ಲ. ನಮ್ಮ ಅಳಿಯನ ಜೋಡಿ ಕೆಲಸ ಕಲಿತ ಇಬ್ಬರು ಹುಡುಗರು ವರ್ಷದಾಗ ನಾಲ್ಕು ತಿಂಗಳು ಕೆಲಸ, ಎಂಟು ತಿಂಗಳು ಖಾಲಿ ಅಂತ ಪುಣೆ ಹಾದಿ ಹಿಡಿದರು. ಅದರಾಗ ಒಬ್ಬ ಮೋಟರಿನ ದನಿ ಕೇಳಿಯೇ ಫಿಲ್ಟರ್ ಕಟ್ಟ್ಯದ ಅಂತ ಹೇಳತಿದ್ದ. ಅಂಥಾ ಕಿವಿ ನಮ್ಮ ಭಜನಿ ಮ್ಯಾಳದಾಗೂ ಎಲ್ಲರಿಗೆ ಇಲ್ಲ. ನಾನು ಮೈದುನನಿಗೆ ಇಷ್ಟೇ ಕೇಳಿದೆ: “ನಿನ್ನ ಟ್ರ್ಯಾಕ್ಟರಿಗೆ ಎಣ್ಣಿ ಬದಲಿ ಮಾಡಿದವಗೆ ರೊಕ್ಕ ಕೊಡತೀಯೋ ಇಲ್ಲೋ?” ಸುಮ್ಮನಾದ.

ಸ್ಪ್ರಿಂಕ್ಲರ್ ಇಟ್ಟವರಿಗೂ ಒಂದು ಮಾತು ಹೇಳಿಬಿಡತೇನಿ, ಶೇಂಗಾ ಕಡಲಿ ಹಾಕಿದವರು ಕೇಳತಾರ. ಅಲ್ಲಿ ಕಟ್ಟೂದಕ್ಕಿಂತ ಸವೆಯೂದೇ ದೊಡ್ಡ ಬ್ಯಾನಿ. ಬಾವಿ ನೀರಿನ ಉಸುಕು ಉಜ್ಜಿ ಉಜ್ಜಿ ನೋಝಲ್ಲಿನ ತೂತು ದೊಡ್ಡದಾಗತದ. ಕಣ್ಣಿಗೆ ಕಾಣೂದಿಲ್ಲ. ಅಳಿಯ ಒಂದು ಡ್ರಿಲ್ ಬಿಟ್ ಇಟ್ಟಿದ್ದಾನ, ಹೊಸ ನೋಝಲ್ಲಿಗೆ ಬರೋಬ್ಬರಿ ಕೂಡೂ ಅಳತಿಯದು. ಅದರ ನುಣುಪು ತುದಿಯನ್ನು ತೂತಿನಾಗ ಹಾಕಿ ಅಲುಗಿಸತಾನ. ಸಡಿಲಾದರೆ ನೋಝಲ್ ಬದಲಿ. ಹೊಲದಾಗ ಗುರುತು ಇನ್ನೂ ಸರಳ: ಸ್ಪ್ರಿಂಕ್ಲರಿನ ಸುತ್ತ ದೂರದಾಗ ಬಳಿಯಂಗ ಒಂದು ಉಂಗುರ ಮಾತ್ರ ಹಸಿಯಾಗಿ, ನಡುವೆ ಒಣಗಿದ್ದರೆ ಜೋರು ಕಡಿಮಿ ಆಗ್ಯದ. ನೀರು ಮಂಜಿನಂಗ ತೇಲಿ ಗಾಳಿಗೆ ಹೋಗತಿದ್ದರೆ ಜೋರು ಹೆಚ್ಚಾಗ್ಯದ.

ತಂಗಿಯ ತೋಟಕ್ಕೆ ಮಿರಗ ಕೂಡೂ ಹೊತ್ತಿಗೆ ನೀರು ಬಿಟ್ಟರು. ಹನ್ನೆರಡು ದಿನಕ್ಕೆ ಮೊದಲ ಸಾಲು ಚಿಗುರಿತು, ಅದರ ಮರುದಿನ ಕಡೀ ಸಾಲು. ಈಗ ಹೂ ಹಿಡಿದದ. ವ್ಯಾಪಾರಿ ಏನು ಹೇಳತಾನೋ ಕಾಯಿ ಬಂದ ಮೇಲೆ ನೋಡಬೇಕು. ಮೋಟರ್ ಮನಿಯ ಗ್ವಾಡಿ ಮೇಲಿನ ಇದ್ದಲಿಯ ಅಂಕಿ ಮಳಿಗೆ ಅಳಿಸಿ ಹೋಗತದ ಅಂತ ಆಕಿಯ ಮಗ ಬಣ್ಣದಿಂದ ಬರೆದಾನ, ತಾರೀಖು, ಒಂಬತ್ತು ಅಂಕಿ, ಎಲ್ಲಾ ಕನ್ನಡದಾಗ. ಅದರ ಕೆಳಗೆ ಮುಂದಿನ ತಿಂಗಳದ ಸಾಲಿಗೆ ಜಾಗ ಬಿಟ್ಟಾನ.